1,420 ಚದರಡಿ ಫ್ಲ್ಯಾಟ್‌ನಲ್ಲಿ ನಿಮ್ಮ ಮನೆ ಎಷ್ಟು?

ಪ್ರಶ್ನೆ: ಬೆಂಗಳೂರಿನಲ್ಲಿ ಇನ್ನೂ ಕಟ್ಟುತ್ತಿರುವ ಎರಡು ಅಪಾರ್ಟ್‌ಮೆಂಟ್‌ಗಳಲ್ಲಿ ಮೂರು ಬೆಡ್‌ರೂಮಿನ ಫ್ಲ್ಯಾಟ್ ನೋಡಿದ್ದೇವೆ. ಮೊದಲನೆಯದು 1,420 ಚದರಡಿ, ಚದರಡಿಗೆ ₹7,900. ಎರಡನೆಯದು 1,260 ಚದರಡಿ, ಚದರಡಿಗೆ ₹8,600. ಲೋಡಿಂಗ್, ಅಂದರೆ ಒಳಗಿನ ಜಾಗದ ಮೇಲೆ ಸೇರಿಸಿದ ಪಾಲು, ಎಷ್ಟು ಅಂತ ಕೇಳಿದರೆ ಎರಡೂ ಕಡೆ ಶೇ 36ರ ಹತ್ತಿರ ಎಂದರು. ದೊಡ್ಡದೂ ಹೌದು, ದರವೂ ಕಡಿಮೆ, ಹಾಗಾಗಿ ಮೊದಲನೆಯದೇ ಸರಿ ಅಂತ ನನ್ನ ಲೆಕ್ಕ. ಆದರೆ ಎರಡನೆಯದೇ ಒಳಗೆ ದೊಡ್ಡದಾಗಿದೆ ಅಂತ ನನ್ನ ಹೆಂಡತಿ ಪಟ್ಟು ಹಿಡಿದಿದ್ದಾಳೆ. ಎರಡರ ಪ್ಲ್ಯಾನ್, ಬ್ರೋಷರ್, ಕಾಸ್ಟ್ ಶೀಟ್ ಕಳಿಸಿದ್ದೇನೆ. ಯಾರ ಮಾತು ಸರಿ?

ಉತ್ತರ: ನಿಮ್ಮ ಹೆಂಡತಿಯವರದು. ಎರಡನೆಯ ಮನೆ ಒಳಗೆ ಸುಮಾರು 20 ಚದರಡಿ ದೊಡ್ಡದು. ಒಳಗಿನ ಜಾಗದ ಲೆಕ್ಕದಲ್ಲಿ ಅದರ ದರವೂ ಕಡಿಮೆ. ಲೋಡಿಂಗ್ ವಿಷಯದಲ್ಲಿ ಎರಡೂ ಕಡೆಯವರು ಸುಳ್ಳು ಹೇಳಿಲ್ಲ. ಆದರೂ ಅವರು ಹೇಳಿದ ಎರಡು 36 ಒಂದೇ ಅಲ್ಲ. ಅದು ಹೇಗೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ 1,420 ಮತ್ತು 1,260 ಏನೆಂದು ನೋಡೋಣ. ಎರಡೂ ಸೂಪರ್ ಬಿಲ್ಟ್‌ಅಪ್ ಏರಿಯಾ. ಇದನ್ನು ಹೀಗೇ ಅಳೆಯಬೇಕು ಎಂದು ಹೇಳುವ ವ್ಯಾಖ್ಯೆ ರಿಯಲ್ ಎಸ್ಟೇಟ್ ಕಾಯ್ದೆಯಲ್ಲಿ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಟೇಪ್ ಹಿಡಿದು ಹೋದರೆ ನಿಮ್ಮ ಫ್ಲ್ಯಾಟ್‌ನಲ್ಲಿ ಎಲ್ಲಿಯೂ ಅಳೆದು ನೋಡಲು ಸಿಗುವ ಸಂಖ್ಯೆ ಅದಲ್ಲ. ಅದು ಅಳತೆಯಲ್ಲ, ಹಂಚಿಕೆ. ಮೆಟ್ಟಿಲು, ಲಿಫ್ಟ್, ಓಡಾಡುವ ಕಾರಿಡಾರ್, ಕೆಳಗಿನ ಲಾಬಿ, ಕ್ಲಬ್‌ಹೌಸ್, ಜನರೇಟರ್ ಕೋಣೆ, ಸೆಕ್ಯೂರಿಟಿ ಕ್ಯಾಬಿನ್ ಎಲ್ಲವನ್ನೂ ಕೂಡಿಸಿ, ಮನೆಗಳ ಗಾತ್ರಕ್ಕೆ ತಕ್ಕಂತೆ ಬಿಲ್ಡರ್ ಹಂಚಿಹಾಕುತ್ತಾನೆ. ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನವೂ ಅವನದೇ.

ಕಾನೂನಿನಲ್ಲಿ ವ್ಯಾಖ್ಯೆ ಇರುವುದು ಕಾರ್ಪೆಟ್ ಏರಿಯಾಕ್ಕೆ. 2016ರ ರಿಯಲ್ ಎಸ್ಟೇಟ್ ಕಾಯ್ದೆ, ನಾವೆಲ್ಲ ರೇರಾ ಎನ್ನುವುದು, ತನ್ನ 2(ಕೆ) ಕಲಮಿನಲ್ಲಿ ಇದನ್ನು ಬಿಡಿಸಿ ಹೇಳಿದೆ. ಮನೆಯೊಳಗೆ ಬಳಸಲು ಸಿಗುವ ನೆಲ ಎಷ್ಟೋ ಅಷ್ಟು. ಹೊರಗೋಡೆಗಳ ದಪ್ಪ ಇದರಲ್ಲಿ ಬರುವುದಿಲ್ಲ. ಪೈಪುಗಳು ಹಾದುಹೋಗುವ ಡಕ್ಟ್ ಬರುವುದಿಲ್ಲ. ನಿಮ್ಮೊಬ್ಬರದೇ ಆದ ಬಾಲ್ಕನಿ, ವೆರಾಂಡ, ತೆರೆದ ಟೆರೇಸ್ ಬರುವುದಿಲ್ಲ. ಆದರೆ ಕೋಣೆಗಳ ನಡುವಿನ ಒಳಗೋಡೆಗಳು ಬರುತ್ತವೆ.

ಈ ಕಾರ್ಪೆಟ್‌ಗೆ ಹೊರಗೋಡೆ, ಡಕ್ಟ್ ಮತ್ತು ಬಾಲ್ಕನಿ ಸೇರಿಸಿದರೆ ಬಿಲ್ಟ್‌ಅಪ್. ಹಳಬರ ಪ್ಲಿಂತ್ ಏರಿಯಾಕ್ಕೆ ಇದೇ ಹತ್ತಿರ. ಅದರ ಮೇಲೆ ಕಾಮನ್ ಏರಿಯಾದ ಪಾಲು ಕೂಡಿಸಿದರೆ ಸೂಪರ್ ಬಿಲ್ಟ್‌ಅಪ್. ಬಿಲ್ಟ್‌ಅಪ್ ಬಗ್ಗೆ ನೀವು ತಲೆ ಕೆಡಿಸಿಕೊಳ್ಳಬೇಕಾದ್ದು ಕಡಿಮೆ. ಜಗಳವಿರುವುದು ಮೊದಲ ಸಂಖ್ಯೆಗೂ ಕೊನೆಯ ಸಂಖ್ಯೆಗೂ ನಡುವೆ.

ಈಗ ನಿಮ್ಮ ಎರಡು ಮನೆಗಳು. ಬ್ರೋಷರ್ ಬದಿಗಿಡಿ. rera.karnataka.gov.in ಜಾಲತಾಣಕ್ಕೆ ಹೋಗಿ ಯೋಜನೆಯ ನೋಂದಣಿ ಸಂಖ್ಯೆ ಹಾಕಿದರೆ, ಬಿಲ್ಡರ್ ಪ್ರಾಧಿಕಾರಕ್ಕೆ ಘೋಷಿಸಿಕೊಟ್ಟ ವಿವರ ಸಿಗುತ್ತದೆ. ಫ್ಲ್ಯಾಟ್‌ಗಳ ಸಂಖ್ಯೆ, ಮಾದರಿ, ಕಾರ್ಪೆಟ್ ಏರಿಯಾ, ಬಾಲ್ಕನಿ ಮತ್ತು ಟೆರೇಸ್‌ನ ಅಳತೆ, ಇವನ್ನೆಲ್ಲ ನೋಂದಣಿ ಅರ್ಜಿಯಲ್ಲಿ ಬೇರೆ ಬೇರೆಯಾಗಿ ತೋರಿಸಲೇಬೇಕು ಎಂಬುದು ಕಾಯ್ದೆಯ 4ನೇ ಕಲಂ. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆಯನ್ನು ಹಾಕಬೇಕು ಎಂಬುದು 11ನೆಯದು. ಅಲ್ಲಿ ಅಳತೆ ಚದರ ಮೀಟರ್‌ನಲ್ಲಿ ಇರುತ್ತದೆ. 10.764ರಿಂದ ಗುಣಿಸಿದರೆ ಚದರಡಿ.

ನೀವು ಕಳಿಸಿದ ದಾಖಲೆಯ ಪ್ರಕಾರ ಮೊದಲನೆಯ ಫ್ಲ್ಯಾಟ್‌ನ ಕಾರ್ಪೆಟ್ 84.5 ಚದರ ಮೀಟರ್, ಅಂದರೆ 910 ಚದರಡಿ. ಬಾಲ್ಕನಿ 70 ಚದರಡಿ. ಹೊರಗೋಡೆ ಮತ್ತು ಡಕ್ಟ್ ಸುಮಾರು 70. ಬಿಲ್ಟ್‌ಅಪ್ 1,050 ಆಯಿತು. ಉಳಿದ 370 ಚದರಡಿ ಕಾಮನ್ ಏರಿಯಾದ ಪಾಲು.

ಎರಡನೆಯದರ ಕಾರ್ಪೆಟ್ 86.4 ಚದರ ಮೀಟರ್, ಅಂದರೆ 930 ಚದರಡಿ. ಬಾಲ್ಕನಿ 45, ಹೊರಗೋಡೆ ಮತ್ತು ಡಕ್ಟ್ 65, ಬಿಲ್ಟ್‌ಅಪ್ 1,040. ಕಾಮನ್ ಏರಿಯಾದ ಪಾಲು ಬರೀ 220.

ನೂರು ಚದರಡಿಗೆ ಒಂದು ಚದರ ಎಂಬ ಹಿರಿಯರ ಲೆಕ್ಕದಲ್ಲಿ ಹೇಳುವುದಾದರೆ ಎರಡೂ ಒಂಬತ್ತು ಚದರ ಚಿಲ್ಲರೆಯ ಮನೆಗಳೇ. ಒಂದನ್ನು ಹದಿನಾಲ್ಕು ಚದರ ಎಂದೂ ಇನ್ನೊಂದನ್ನು ಹನ್ನೆರಡೂವರೆ ಚದರ ಎಂದೂ ಮಾರುತ್ತಿದ್ದಾರೆ, ಅಷ್ಟೇ. ಹಲಸಿನ ಹಣ್ಣನ್ನು ತೂಕಕ್ಕೆ ಕೊಂಡ ಹಾಗೆ: ಕೆ.ಜಿ.ಗೆ ಎಷ್ಟು ಎಂದು ಕೇಳಿದರೆ ಸಾಲದು, ಒಳಗೆ ತೊಳೆ ಎಷ್ಟು ಎಂದು ನೋಡಬೇಕು.

ಬೆಲೆಗೆ ಬರೋಣ. ಮೊದಲನೆಯದು 1,420 ಗುಣಿಸು 7,900, ಅಂದರೆ ₹1,12,18,000. ಇದನ್ನು 910ರಿಂದ ಭಾಗಿಸಿದರೆ ಕಾರ್ಪೆಟ್ ಚದರಡಿಗೆ ಹತ್ತಿರ ಹತ್ತಿರ ₹12,330. ಎರಡನೆಯದು 1,260 ಗುಣಿಸು 8,600, ಅಂದರೆ ₹1,08,36,000. 930ರಿಂದ ಭಾಗಿಸಿದರೆ ₹11,650. ಜಾಹೀರಾತಿನಲ್ಲಿ ₹700 ಅಗ್ಗವಾಗಿ ಕಂಡ ಮನೆ ಒಳಗಿನ ನೆಲದ ಲೆಕ್ಕದಲ್ಲಿ ₹680ರಷ್ಟು ದುಬಾರಿ.

ಇಷ್ಟಕ್ಕೇ ನಿಲ್ಲಿಸಬಾರದು, ಏಕೆಂದರೆ ಕಾಸ್ಟ್ ಶೀಟ್‌ನ ಮೊದಲ ಸಾಲು ಮಾತ್ರ ಬೆಲೆಯಲ್ಲ. ಕೆಳಗಿನ ಸಾಲುಗಳನ್ನು ನೋಡಿ. ಮೊದಲನೆಯ ಯೋಜನೆಯಲ್ಲಿ ನೀರು ಮತ್ತು ವಿದ್ಯುತ್ ಸಂಪರ್ಕಕ್ಕೆಂದು ಚದರಡಿಗೆ ₹250 ಹಾಕಿದ್ದಾರೆ. ಅದೂ ಸೂಪರ್ ಬಿಲ್ಟ್‌ಅಪ್ ಮೇಲೆ, ಅಂದರೆ ₹3,55,000. ಕ್ಲಬ್‌ಹೌಸ್ ಸದಸ್ಯತ್ವ ₹2,50,000, ಪಾರ್ಕಿಂಗ್ ₹3,50,000. ಒಟ್ಟು ₹1,21,73,000. ಎರಡನೆಯ ಕಡೆ ಸಂಪರ್ಕಕ್ಕೆ ಚದರಡಿಗೆ ₹200ರಂತೆ ₹2,52,000, ಕ್ಲಬ್‌ಹೌಸ್‌ಗೆ ಒಂದು ಲಕ್ಷ, ಪಾರ್ಕಿಂಗ್‌ಗೆ ಮೂರು ಲಕ್ಷ. ಒಟ್ಟು ₹1,14,88,000. ಜಿಎಸ್‌ಟಿ, ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಇದರ ಮೇಲೆ. ಅವು ಹೆಚ್ಚೂ ಕಡಿಮೆ ಬೆಲೆಯ ಜೊತೆಗೇ ಏರಿಳಿಯುವುದರಿಂದ ಎರಡನ್ನು ಹೋಲಿಸುವಾಗ ಬಿಟ್ಟಿದ್ದೇನೆ.

ಈಗ ಮತ್ತೆ ಭಾಗಿಸಿ. ಮೊದಲನೆಯದು ಕಾರ್ಪೆಟ್ ಚದರಡಿಗೆ ₹13,377. ಎರಡನೆಯದು ₹12,353. ವ್ಯತ್ಯಾಸ ಸಾವಿರ ದಾಟಿತು. ಫಲಕದಲ್ಲಿದ್ದ ₹7,900 ಕೊನೆಗೆ ಬಂದು ನಿಂತದ್ದು ಇಲ್ಲಿ.

ಚದರಡಿ ದರ ಎನ್ನುವುದು ಮನೆಗೆ ಅಂಟಿಕೊಂಡಿರುವ ಗುಣವಲ್ಲ, ಭಾಗಾಕಾರದ ಉತ್ತರ. ಮೇಲಿನ ಸಂಖ್ಯೆ ನೀವು ಕೊಡುವ ಹಣ. ಕೆಳಗಿನ ಸಂಖ್ಯೆಯನ್ನು ಮಾರುವವನ ಕೈಗೆ ಬಿಟ್ಟರೆ ಉತ್ತರವೂ ಅವನ ಕೈಯಲ್ಲೇ. ಅವನು ಇದೇ ಮನೆಯನ್ನು 1,420ರ ಬದಲು 1,500 ಚದರಡಿ ಎಂದು ಕರೆದು ದರವನ್ನು ಏಳೂವರೆ ಸಾವಿರಕ್ಕೆ ಇಳಿಸಿದ್ದರೆ, ನೀವು ಹಿಂದಿಗಿಂತ ಮೂವತ್ತು ಸಾವಿರ ಹೆಚ್ಚು ಕೊಟ್ಟು, ಚದರಡಿಗೆ ₹400 ಉಳಿಸಿದೆ ಎಂದು ಖುಷಿಪಡುತ್ತಿದ್ದಿರಿ.

ಈಗ ಆ 36ರ ವಿಷಯ. ಲೋಡಿಂಗ್ ಹೇಳುವುದರಲ್ಲಿ ಎರಡು ರೂಢಿಗಳಿವೆ. ಕಾರ್ಪೆಟ್ ಮೇಲೆ ಎಷ್ಟು ಏರಿಸಿದ್ದಾರೆ ಎಂದು ಕೆಲವರು ಹೇಳುತ್ತಾರೆ. ಸೂಪರ್ ಬಿಲ್ಟ್‌ಅಪ್‌ನಲ್ಲಿ ಎಷ್ಟು ಭಾಗ ಕಾರ್ಪೆಟ್ ಅಲ್ಲ ಎಂದು ಇನ್ನು ಕೆಲವರು ಹೇಳುತ್ತಾರೆ. ನಿಮ್ಮ ಎರಡನೆಯ ಫ್ಲ್ಯಾಟ್‌ನಲ್ಲಿ 930ಕ್ಕೆ 330 ಸೇರಿ 1,260 ಆಗಿದೆ. 330 ಎಂದರೆ 930ರ ಶೇ 35.5. ಅಲ್ಲಿಯವರು ಹೇಳಿದ್ದು ಇದು. ಮೊದಲನೆಯ ಫ್ಲ್ಯಾಟ್‌ನಲ್ಲಿ ಕಾರ್ಪೆಟ್ ಅಲ್ಲದ ಭಾಗ 510. ಅದು 1,420ರಲ್ಲಿ ಶೇ 35.9. ಅಲ್ಲಿಯವರು ಹೇಳಿದ್ದು ಅದು. ಎರಡನೆಯವರ ರೀತಿಯಲ್ಲೇ ಲೆಕ್ಕ ಹಾಕಿದ್ದರೆ ಮೊದಲನೆಯದರ ಲೋಡಿಂಗ್ ಶೇ 56 ಎನ್ನಬೇಕಿತ್ತು. ಹಾಗಾಗಿ ಲೋಡಿಂಗ್ ಎಷ್ಟು ಎಂದು ಕೇಳಲೇಬೇಡಿ. ರೇರಾ ಕಾರ್ಪೆಟ್ ಎಷ್ಟು ಚದರಡಿ, ಬಾಲ್ಕನಿ ಎಷ್ಟು ಚದರಡಿ ಎಂದು ಕೇಳಿ. ಚದರಡಿಗೆ ಎರಡು ಅರ್ಥ ಬರುವುದಿಲ್ಲ.

ಲೋಡಿಂಗ್ ಹೆಚ್ಚಿದ್ದರೆ ಮೋಸ ಎಂದೇ ತಿಳಿಯಬೇಡಿ. ಇಪ್ಪತ್ತು ಮಹಡಿಯ ಕಟ್ಟಡಕ್ಕೆ ಎರಡು ಮೆಟ್ಟಿಲು, ಅಗ್ನಿಶಾಮಕರ ಬಳಕೆಗೆಂದು ಒಂದು ಲಿಫ್ಟ್, ಅಗಲವಾದ ಕಾರಿಡಾರ್ ಬೇಕೇ ಬೇಕು. ನಾಲ್ಕು ಮಹಡಿಯ ಕಟ್ಟಡ ಒಂದು ಮೆಟ್ಟಿಲು, ಒಂದು ಲಿಫ್ಟ್‌ನಲ್ಲಿ ಮುಗಿಯುತ್ತದೆ. ದೊಡ್ಡ ಕ್ಲಬ್‌ಹೌಸ್ ಬೇಕೆಂದರೆ ಅದರ ನೆಲ ಎಲ್ಲಿಂದಲೋ ಬರಬೇಕಲ್ಲ. ಕೇಳಬೇಕಾದ ಪ್ರಶ್ನೆ, ಆ 370 ಚದರಡಿ ಕಣ್ಣಿಗೆ ಕಾಣುತ್ತದೆಯೇ ಎಂಬುದು.

ಅದನ್ನು ಒಂದು ಮಟ್ಟಿಗೆ ನೀವೇ ಪರೀಕ್ಷಿಸಬಹುದು. ಬ್ರೋಷರ್‌ನಲ್ಲಿ ಟಿಪಿಕಲ್ ಫ್ಲೋರ್ ಪ್ಲ್ಯಾನ್ ಎಂಬ ಹಾಳೆ ಇರುತ್ತದೆ. ಇಡೀ ಒಂದು ಮಹಡಿಯ ನಕ್ಷೆ ಅದು. ನಿಮ್ಮ ಮೊದಲನೆಯ ಯೋಜನೆಯ ಹಾಳೆಯನ್ನು ಅದರ ಅಳತೆಗೋಲಿನಂತೆ ಲೆಕ್ಕ ಹಾಕಿದೆ. ಮಹಡಿಗೆ ಆರು ಮನೆ. ಕಾರಿಡಾರ್, ಮೂರು ಲಿಫ್ಟ್, ಎರಡು ಮೆಟ್ಟಿಲು ಎಲ್ಲ ಸೇರಿ ಸುಮಾರು 1,080 ಚದರಡಿ. ಮನೆಗೆ 180 ಬಂತು. 370ರಲ್ಲಿ 180 ಕಳೆದರೆ ಇನ್ನು 190 ಉಳಿಯಿತು. ಇಡೀ ಯೋಜನೆಯಲ್ಲಿ 240 ಮನೆ. ಎಲ್ಲರ ಮೇಲೂ ಹೆಚ್ಚು ಕಡಿಮೆ ಇಷ್ಟೇ ಹೊರಿಸಿದ್ದಾರೆ ಎಂದುಕೊಂಡರೆ 45,600 ಚದರಡಿ ಕಟ್ಟಡ ಎಲ್ಲೋ ಇರಬೇಕು. ಬ್ರೋಷರ್ ಹೆಮ್ಮೆಯಿಂದ ಹೇಳುವ ಕ್ಲಬ್‌ಹೌಸ್ 18,000 ಚದರಡಿಯದು. ಕೆಳಗಿನ ಲಾಬಿ, ಜನರೇಟರ್ ಕೋಣೆ, ಅಸೋಸಿಯೇಷನ್ ಕಚೇರಿ ಎಲ್ಲ ಸೇರಿಸಿದರೂ ಉಳಿದ 27,600 ತುಂಬುವುದು ನನಗೆ ಕಾಣುತ್ತಿಲ್ಲ. ಈಜುಕೊಳದ ಸುತ್ತಲಿನ ಅಂಗಳ, ಮಕ್ಕಳ ಆಟದ ಜಾಗ, ಕಾರು ಓಡಾಡುವ ದಾರಿ, ಇಂಥ ತೆರೆದ ಜಾಗವನ್ನೂ ಸೇರಿಸಿರಬಹುದು. ಅಥವಾ ಸಂಖ್ಯೆಯನ್ನು ಸುಮ್ಮನೆ ದುಂಡಗೆ ಏರಿಸಿರಬಹುದು. ಈ ಲೆಕ್ಕದಿಂದ ತಪ್ಪು ಸಾಬೀತಾಗುವುದಿಲ್ಲ. ಆದರೆ ಕಾಮನ್ ಏರಿಯಾದ ವಿಂಗಡಣೆಯನ್ನು ಬರಹದಲ್ಲಿ ಕೊಡಿ ಎಂದು ಕೇಳಲು ಇಷ್ಟು ಸಾಕು. ಕೊಡುವ ಬಿಲ್ಡರ್‌ಗಳಿದ್ದಾರೆ. ಕೊಡದಿದ್ದರೆ ಅದೂ ಒಂದು ಉತ್ತರವೇ.

ಸೂಪರ್ ಬಿಲ್ಟ್‌ಅಪ್ ದೊಡ್ಡದಿದ್ದರೆ ಮನೆಗೆ ಬಂದ ಮೇಲೂ ಅದು ಬೆನ್ನು ಬಿಡುವುದಿಲ್ಲ. ತಿಂಗಳ ಮೇಂಟೆನೆನ್ಸ್ ಅನ್ನು ಬಹಳ ಕಡೆ ಅದರ ಮೇಲೆಯೇ ಲೆಕ್ಕ ಹಾಕುತ್ತಾರೆ. ನಿಮ್ಮ ಕಾಸ್ಟ್ ಶೀಟ್‌ಗಳಲ್ಲಿ ಒಂದು ಕಡೆ ಚದರಡಿಗೆ ₹4.50, ಇನ್ನೊಂದು ಕಡೆ ₹4 ಎಂದಿದೆ. ಅಂದರೆ ತಿಂಗಳಿಗೆ ₹6,390 ಒಂದು, ₹5,040 ಇನ್ನೊಂದು. ವರ್ಷಕ್ಕೆ ₹16,200 ವ್ಯತ್ಯಾಸ, ಅದೂ ಚಿಕ್ಕ ಮನೆಗೆ ಹೆಚ್ಚು.

ಹಾಗಂತ ಕಾರ್ಪೆಟ್ ಏರಿಯಾ ಎಲ್ಲವನ್ನೂ ಹೇಳಿಬಿಡುತ್ತದೆ ಎಂದೂ ನಂಬಬೇಡಿ. ಅದರಲ್ಲಿಯೂ ಸಂದುಗಳಿವೆ. ಮೂರನ್ನು ಹೇಳುತ್ತೇನೆ.

ಮೊದಲನೆಯದು ಬಾಲ್ಕನಿ. ರೇರಾ ಕಾರ್ಪೆಟ್‌ನಲ್ಲಿ ಅದಕ್ಕೆ ಜಾಗವಿಲ್ಲ. ಆದರೆ ಬೆಳಗಿನ ಕಾಫಿ, ಒಗೆದ ಬಟ್ಟೆ, ನಾಲ್ಕು ಕುಂಡ ಎಲ್ಲವೂ ಇರುವುದು ಅಲ್ಲೇ. ನಿಮ್ಮ ಮೊದಲನೆಯ ಫ್ಲ್ಯಾಟ್‌ನ ಬಾಲ್ಕನಿ 70 ಚದರಡಿ, ಎರಡನೆಯದರದು 45. ಬರೀ ಕಾರ್ಪೆಟ್‌ನಿಂದ ಭಾಗಿಸಿದರೆ ಮೊದಲನೆಯದಕ್ಕೆ ಅನ್ಯಾಯ. ನಾನು ಬಾಲ್ಕನಿಯನ್ನು ಅರ್ಧ ಬೆಲೆಗೆ ಹಿಡಿಯುತ್ತೇನೆ. ಇದು ನಿಯಮವಲ್ಲ, ನನ್ನ ಅಂದಾಜು. ಹಾಗೆ ಹಿಡಿದರೆ ಒಂದು 945, ಇನ್ನೊಂದು 952.5 ಚದರಡಿ ಆಗುತ್ತದೆ. ದರ ₹12,880 ಮತ್ತು ₹12,060. ಅಂತರ ಎಂಟುನೂರಕ್ಕೆ ಇಳಿಯಿತು, ಆದರೆ ತಿರುಗುಮುರುಗಾಗಲಿಲ್ಲ. ಅಡುಗೆಮನೆಗೆ ಅಂಟಿಕೊಂಡ ಯುಟಿಲಿಟಿಯನ್ನು ಕೆಲವರು ಕಾರ್ಪೆಟ್‌ಗೆ ಹಾಕುತ್ತಾರೆ, ಕೆಲವರು ಬಾಲ್ಕನಿಗೆ. ಎರಡೂ ಕಡೆ ಯಾವುದಕ್ಕೆ ಹಾಕಿದ್ದಾರೆ ಎಂದು ಕೇಳಿ ಒಂದೇ ರೀತಿ ಮಾಡಿಕೊಳ್ಳಿ. ಇಲ್ಲವಾದರೆ ಮೂವತ್ತು ನಲವತ್ತು ಚದರಡಿ ಆ ಕಡೆ ಈ ಕಡೆ ಆಗುತ್ತದೆ. ಬ್ರೋಷರ್‌ನಲ್ಲಿ ಕಾರ್ಪೆಟ್ ಎಂದು ಬರೆದು ಒಳಗೆ ಬಾಲ್ಕನಿಯನ್ನೂ ಸೇರಿಸಿರುವುದುಂಟು. ಅದಕ್ಕೇ ರೇರಾ ಜಾಲತಾಣದ ಸಂಖ್ಯೆಯನ್ನೇ ಹಿಡಿಯಿರಿ ಎಂದದ್ದು.

ಎರಡನೆಯದು ಒಳಗೋಡೆ. ಕಟ್ಟಡ ಮುಗಿದ ಮೇಲೆ ಲೇಸರ್ ಅಳತೆ ಯಂತ್ರ ಹಿಡಿದು ಕೋಣೆ ಕೋಣೆ ಅಳೆದು ಕೂಡಿಸುತ್ತೀರಿ ಎಂದುಕೊಳ್ಳಿ. ಎರಡನೆಯ ಫ್ಲ್ಯಾಟ್‌ನಲ್ಲಿ ನಿಮಗೆ 930 ಸಿಗುವುದಿಲ್ಲ, 875ರ ಆಸುಪಾಸು ಸಿಗುತ್ತದೆ. ಏಕೆಂದರೆ ಆ ನಕ್ಷೆಯಲ್ಲಿ ಒಳಗೋಡೆಗಳ ಉದ್ದ ಒಟ್ಟು 110 ಅಡಿಯಷ್ಟಿದೆ. ಗಾರೆ ಸೇರಿ ಅರ್ಧ ಅಡಿ ದಪ್ಪ ಎಂದರೆ 55 ಚದರಡಿ ಗೋಡೆಗೇ ಹೋಯಿತು. ಅದು ಕಾಯ್ದೆಯ ಪ್ರಕಾರ ಕಾರ್ಪೆಟ್‌ನ ಭಾಗವೇ. ಇದು ಗೊತ್ತಿಲ್ಲದೆ ಜಗಳಕ್ಕೆ ಹೋದವರನ್ನು ನೋಡಿದ್ದೇನೆ. ಇದರ ಜೊತೆಗೆ, ಬ್ರೋಷರ್‌ನಲ್ಲಿ 11 ಗುಣಿಸು 13 ಎಂದು ಬರೆದ ಕೋಣೆಯ ಅಳತೆ ಸಾಮಾನ್ಯವಾಗಿ ಗಾರೆಗೆ ಮುಂಚಿನದು. ಗಾರೆಯಾದ ಮೇಲೆ ಎರಡೂ ಕಡೆಯಿಂದ ಒಂದಿಷ್ಟು ಕಡಿಮೆಯಾಗುತ್ತದೆ. ಕೋಣೆಯ ಅಗಲ ಒಂದಿಂಚು ಕಡಿಮೆ ಬಂದರೆ ಯಾರೂ ಕದ್ದಿಲ್ಲ. ಮಂಚದ ಪಕ್ಕ ವಾರ್ಡ್‌ರೋಬ್ ಕೂರುತ್ತದೆಯೇ ಎಂದು ಇಂಚಿನ ಲೆಕ್ಕದಲ್ಲಿ ಯೋಚಿಸುತ್ತಿದ್ದರೆ ಮಾತ್ರ ಅದು ಮುಖ್ಯ.

ಮೂರನೆಯದು, ಮತ್ತು ನಿಮ್ಮ ಹೆಂಡತಿಯವರ ಕಣ್ಣಿಗೆ ಬಿದ್ದದ್ದು ಇದೇ ಇರಬೇಕು, ಓಡಾಟದ ಜಾಗ. ಮೊದಲನೆಯ ಫ್ಲ್ಯಾಟ್‌ನ ನಕ್ಷೆಯನ್ನು ಬಾಗಿಲಿನಿಂದ ಬೆರಳಿಟ್ಟು ನಡೆಸಿ ನೋಡಿ. ಹಾಲ್ ದಾಟಿದ ಮೇಲೆ ಬೆಡ್‌ರೂಮ್‌ಗಳಿಗೆ ಹೋಗಲು ನಾಲ್ಕಡಿ ಅಗಲ, ಹದಿನೆಂಟು ಅಡಿ ಉದ್ದದ ಪ್ಯಾಸೇಜ್ ಇದೆ. 72 ಚದರಡಿ. ಮೂರು ಬೆಡ್‌ರೂಮ್‌ನ ಬಾಗಿಲು, ಬಾತ್‌ರೂಮಿನ ಬಾಗಿಲು ಎಲ್ಲ ಅದಕ್ಕೇ ತೆರೆದುಕೊಳ್ಳುವುದರಿಂದ ಗೋಡೆಗೆ ಒಂದು ಕಪಾಟು ಇಡಲೂ ಆಗದು. ಮೇಲೆ ಹೇಳಿದ ದರದಲ್ಲಿ ಆ ಪ್ಯಾಸೇಜ್‌ಗೆ ನೀವು ಕೊಡುತ್ತಿರುವುದು ಒಂಬತ್ತೂವರೆ ಲಕ್ಷಕ್ಕಿಂತ ಹೆಚ್ಚು. ಎರಡನೆಯದರಲ್ಲಿ ಬೆಡ್‌ರೂಮ್ ಬಾಗಿಲುಗಳು ಊಟದ ಜಾಗದ ಅಂಚಿನ ಚಿಕ್ಕ ಮೂಲೆಗೆ ತೆರೆದುಕೊಳ್ಳುತ್ತವೆ. ಪ್ಯಾಸೇಜ್ ಎಂದು ಬೇರೆ ಏನೂ ಇಲ್ಲ. ಬೆಡ್‌ರೂಮ್‌ನ ಮಾತು ಹಾಲ್‌ಗೆ ಕೇಳಿಸುತ್ತದೆ ಎಂಬುದು ಅದರ ಕೊರತೆ. ಅತಿಥಿಗಳು ಹೆಚ್ಚು ಬರುವ ಮನೆಯಾದರೆ ಪ್ಯಾಸೇಜ್ ಇರುವುದೇ ಮೇಲು ಎನ್ನುವವರೂ ಇದ್ದಾರೆ. ಅದನ್ನು ಚದರಡಿ ತೀರ್ಮಾನಿಸಲಾರದು. ಅಂದಹಾಗೆ ಸ್ಯಾಂಪಲ್ ಫ್ಲ್ಯಾಟ್‌ನಲ್ಲಿ ಮಂಚ ನಿಜವಾದ ಅಳತೆಯದೇ, ಕೋಣೆಗೆ ಬಾಗಿಲು ಕೂರಿಸಿದ್ದಾರೆಯೇ ಎಂದು ನೋಡಿದಿರಾ? ಕಣ್ಣು ಅಲ್ಲಿ ಸುಲಭವಾಗಿ ಮೋಸಹೋಗುತ್ತದೆ. ಈ ಸಲ ಮಾತ್ರ ಕಣ್ಣು ಹೇಳಿದ್ದೂ ನಕ್ಷೆ ಹೇಳಿದ್ದೂ ಒಂದೇ ಆಯಿತು.

ಇನ್ನು ಕಾಗದದ ಮಾತು. ಒಪ್ಪಂದ ನೋಂದಣಿಯಾಗುವ ಮುನ್ನ ಫ್ಲ್ಯಾಟ್ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ ಎಂಬುದು ಕಾಯ್ದೆಯ 13ನೇ ಕಲಂ. ಹಾಗಾಗಿ ದೊಡ್ಡ ಮೊತ್ತ ಕೈಬಿಡುವ ಮೊದಲು ಒಪ್ಪಂದವನ್ನು ಓದಲು ನಿಮಗೆ ಸಮಯವಿದೆ. ಅದರಲ್ಲಿ ಕಾರ್ಪೆಟ್ ಏರಿಯಾ ಎಂದು ಬರೆದ ಸಂಖ್ಯೆ ರೇರಾ ಜಾಲತಾಣದಲ್ಲಿ ಇರುವುದೇ ಆಗಿರಬೇಕು. ನಿಯಮಗಳ ಜೊತೆಗಿರುವ ಮಾದರಿ ಒಪ್ಪಂದದಲ್ಲಿ ಒಂದು ಕಲಂ ಇದೆ. ಕಟ್ಟಡ ಮುಗಿದು ಸ್ವಾಧೀನಾನುಭವ ಪತ್ರ ಬಂದ ಮೇಲೆ ಅಂತಿಮ ಕಾರ್ಪೆಟ್ ಎಷ್ಟೆಂದು ಖಚಿತಪಡಿಸಬೇಕು. ಕಡಿಮೆಯಾಗಿದ್ದರೆ ಹೆಚ್ಚಾಗಿ ಪಡೆದ ಹಣವನ್ನು 45 ದಿನದೊಳಗೆ ಬಡ್ಡಿ ಸಮೇತ ವಾಪಸ್ ಕೊಡಬೇಕು. ಹೆಚ್ಚಾಗಿದ್ದರೆ ಶೇ 3ರ ಮಿತಿಯೊಳಗೆ ನಿಮ್ಮಿಂದ ಹೆಚ್ಚುವರಿ ಕೇಳಬಹುದು. ನಿಮ್ಮ ಒಪ್ಪಂದದಲ್ಲಿ ಈ ಕಲಂ ಹಾಗೇ ಇದೆಯೇ, ತಿದ್ದಿದ್ದಾರೆಯೇ ನೋಡಿ.

ಇದರಲ್ಲಿ ಒಂದು ಸೂಕ್ಷ್ಮ ಅಡಗಿದೆ. ಈ ಹೊಂದಾಣಿಕೆ ನಡೆಯುವುದು ಒಪ್ಪಂದದಲ್ಲಿ ಬರೆದ ಚದರಡಿ ದರದಲ್ಲಿ. ಮೊದಲನೆಯ ಫ್ಲ್ಯಾಟ್‌ನ ಒಪ್ಪಂದದಲ್ಲಿ ದರ ₹7,900 ಎಂದು ಸೂಪರ್ ಬಿಲ್ಟ್‌ಅಪ್ ಮೇಲೆ ಬರೆದಿದ್ದಾರೆ, ಕೊನೆಗೆ ಕಾರ್ಪೆಟ್ 20 ಚದರಡಿ ಕಡಿಮೆ ಬಂತು ಎಂದುಕೊಳ್ಳಿ. ಬಿಲ್ಡರ್ ₹1,58,000 ಲೆಕ್ಕ ತೋರಿಸುತ್ತಾನೆ. ನೀವು ನಿಜವಾಗಿ ಆ ನೆಲಕ್ಕೆ ಕೊಟ್ಟದ್ದು ಎರಡೂವರೆ ಲಕ್ಷದ ಹತ್ತಿರ. ಆದ್ದರಿಂದ ಒಟ್ಟು ಬೆಲೆ, ಕಾರ್ಪೆಟ್ ಏರಿಯಾ, ಕಾರ್ಪೆಟ್ ಮೇಲಿನ ಚದರಡಿ ದರ ಮೂರನ್ನೂ ಒಪ್ಪಂದದಲ್ಲಿ ಬರೆಸಿ. ನಮ್ಮಲ್ಲಿ ಕ್ರಯಪತ್ರದಲ್ಲಿ ಸೂಪರ್ ಬಿಲ್ಟ್‌ಅಪ್ ಬರೆಯುವ ರೂಢಿ ಇನ್ನೂ ಇದೆ. ಬರೆಯಲಿ, ಅಡ್ಡಿಯಿಲ್ಲ. ಅದರ ಪಕ್ಕದಲ್ಲಿ ಕಾರ್ಪೆಟ್ ಮತ್ತು ಭೂಮಿಯಲ್ಲಿ ನಿಮ್ಮ ಅವಿಭಜಿತ ಪಾಲು ಇರಲೇಬೇಕು. ಆ ಪಾಲು ನಿಮ್ಮ ಕಾಸ್ಟ್ ಶೀಟ್ ಎರಡರಲ್ಲೂ ಇಲ್ಲ, ಕೇಳಿ ತರಿಸಿಕೊಳ್ಳಿ.

ಹಳೆಯ ಫ್ಲ್ಯಾಟ್ ನೋಡುತ್ತಿರುವ ಇತರ ಓದುಗರಿಗೆ ಒಂದು ಮಾತು: ರೇರಾಕ್ಕೆ ಮುಂಚಿನ ಕಟ್ಟಡಗಳ ಪತ್ರದಲ್ಲಿ ಬರೀ ಸೂಪರ್ ಬಿಲ್ಟ್‌ಅಪ್ ಇರುತ್ತದೆ. ಅಲ್ಲಿ ಜಾಲತಾಣ ಹುಡುಕಿ ಪ್ರಯೋಜನವಿಲ್ಲ. ಕೋಣೆಗಳನ್ನು ಅಳೆದು ಕೂಡಿಸಿ, ಒಳಗೋಡೆಗೆ ಶೇ 6ರಷ್ಟು ಸೇರಿಸಿದರೆ ಹೊಸ ಮನೆಗಳ ಜೊತೆ ಹೋಲಿಸುವಷ್ಟು ಸರಿಯಾದ ಸಂಖ್ಯೆ ಸಿಗುತ್ತದೆ.

ಮೊದಲನೆಯ ಅಪಾರ್ಟ್‌ಮೆಂಟೇ ಬೇಕು, ಕೆಲಸಕ್ಕೆ ಹತ್ತಿರ ಅಥವಾ ಮಕ್ಕಳ ಶಾಲೆಗೆ ಹತ್ತಿರ ಎಂಬ ಕಾರಣ ನಿಮಗಿರಬಹುದು. ಪತ್ರದಲ್ಲಿ ನೀವು ಅದನ್ನು ಬರೆದಿಲ್ಲ. ಹಾಗಿದ್ದರೆ ಚೌಕಾಶಿಗೆ ಕೂತಾಗ ಚದರಡಿಗೆ ಐವತ್ತು ನೂರು ಕಡಿಮೆ ಮಾಡಿ ಎಂದು ಕೇಳಬೇಡಿ. ಎರಡನೆಯದರ ₹12,353ಕ್ಕೆ ಸರಿದೂಗಬೇಕಾದರೆ 910 ಚದರಡಿಗೆ ಎಲ್ಲ ಸೇರಿ ₹1,12,41,000 ಆಗಬೇಕು. ಈಗಿನ ಬೆಲೆಯಿಂದ ₹9,32,000 ಇಳಿಯಬೇಕು. ಬಾಲ್ಕನಿಗೆ ಅರ್ಧ ಬೆಲೆ ಕೊಟ್ಟು ಲೆಕ್ಕ ಹಾಕಿದರೆ ಏಳೂ ಮುಕ್ಕಾಲು ಲಕ್ಷ. ಸೂಪರ್ ಬಿಲ್ಟ್‌ಅಪ್ ಭಾಷೆಯಲ್ಲೇ ಮಾತಾಡುತ್ತೇನೆ ಎಂದು ಅವರು ಹಟ ಹಿಡಿದರೆ, ₹7,900 ಎಂಬುದು ₹7,250ರಿಂದ ₹7,350ರ ನಡುವೆ ಬರಬೇಕು ಎಂದರ್ಥ. ಅಷ್ಟಕ್ಕೆ ಒಪ್ಪುವುದು ಕಷ್ಟ. ಆದರೆ ಕ್ಲಬ್‌ಹೌಸ್ ಸದಸ್ಯತ್ವ ಮತ್ತು ಪಾರ್ಕಿಂಗ್ ಸೇರಿ ಆರು ಲಕ್ಷವಿದೆಯಲ್ಲ, ಫಲಕದ ದರ ಮುಟ್ಟದೆಯೇ ಬಿಟ್ಟುಕೊಡಲು ಅವರಿಗೆ ಅಲ್ಲಿ ಅವಕಾಶವಿದೆ. ಮಾತು ಅಲ್ಲಿಂದಲೇ ಶುರುಮಾಡಿ.